ಎಂಟೂವರೆಗೇ ಆರುವ ಸೋಲಾರ್ ದೀಪ: ಬ್ಯಾಟರಿ ಬದಲಿಸುವ ಮೊದಲು ನೋಡಬೇಕಾದ್ದು

ಪೆರ್ಲದ ಕಡೆ, ಮುಖ್ಯ ರಸ್ತೆ ಬಿಟ್ಟು ಒಳಗೆ ಇಳಿಯುವ ತಿರುವಿನಲ್ಲಿ ಒಂದು ಭಜನಾ ಮಂದಿರ ಉಂಟು. ಅದರ ಎದುರು ಒಂದು ಸೋಲಾರ್ ದೀಪ. ನವೆಂಬರದಲ್ಲಿ ಅಲ್ಲಿಂದ ನನಗೆ ಫೋನ್ ಬಂತು. ದೀಪ ಸಂಜೆ ಆರು ಇಪ್ಪತ್ತಕ್ಕೆ ಸರಿಯಾಗಿ ಹತ್ತುತ್ತದೆ, ಎಂಟೂವರೆಗೆ ಆರುತ್ತದೆ. ಭಜನೆ ಮುಗಿಸಿ ಜನ ಮೆಟ್ಟಿಲಿಳಿಯುವ ಹೊತ್ತಿಗೇ ಕತ್ತಲೆ.

"ಬ್ಯಾಟರಿ ಹೋಗಿದೆ ಅಂತ ಹೊಸತು ಹಾಕಿಸಿದೆವು ಮಾರಾಯಾ, ಅದೂ ಹೋಯ್ತು" ಎಂದರು ಮಂದಿರ ನೋಡಿಕೊಳ್ಳುವ ಭಟ್ರು.

"ಹೊಸತು ಹಾಕಿದ ಮೇಲೆ ಎಷ್ಟು ದಿನ ಉರಿಯಿತು ಭಟ್ರೇ?"

"ಮೊದಲ ದಿನ ಬೆಳಗಿನ ವರೆಗೆ. ಎರಡನೇ ದಿನ ಹನ್ನೊಂದೂಕಾಲರ ವರೆಗೆ. ಮೂರನೇ ದಿನದಿಂದ ಪುನಃ ಅದೇ ಎಂಟೂವರೆ."

ಇಷ್ಟು ಕೇಳಿದ ಮೇಲೆ ಬ್ಯಾಟರಿಯ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಸೋಲಾರ್ ದೀಪ ರಿಪೇರಿಯಲ್ಲಿ ದುಡ್ಡು ದಂಡವಾಗುವುದು ಹೆಚ್ಚಾಗಿ ಈ ಒಂದು ಕಡೆ.

ನಮ್ಮ ಕಡೆಯವರಿಗೆ ಸುರಂಗದ ನೀರು ಗೊತ್ತಲ್ಲ. ಗುಡ್ಡದೊಳಗಿಂದ ಸಣ್ಣಗೆ ಹರಿದು ಬಂದ ನೀರು ಇಡೀ ದಿನ ಟಾಂಕಿಗೆ ಬೀಳುತ್ತದೆ, ಸಂಜೆ ಟಾಂಕಿಯಿಂದ ತೋಟಕ್ಕೆ ಬಿಡುತ್ತೇವೆ. ತೋಟಕ್ಕೆ ನೀರು ಅರ್ಧದಲ್ಲೇ ನಿಂತರೆ ಎರಡು ಕಾರಣ ಇರಬಹುದು. ಟಾಂಕಿ ಒಡೆದಿರಬೇಕು, ಇಲ್ಲವೇ ಸುರಂಗದಿಂದ ಬರುವ ನೀರೇ ಕಡಿಮೆಯಾಗಿರಬೇಕು. ಹೊಸ ಟಾಂಕಿ ತಂದು, ಅಂಗಡಿಯಿಂದ ಬರುವಾಗಲೇ ಅದರಲ್ಲಿ ಅರ್ಧ ನೀರು ಇತ್ತು ಅಂತ ಇಟ್ಟುಕೊಳ್ಳಿ. ಒಂದೆರಡು ದಿನ ತೋಟ ಒದ್ದೆಯಾಗುತ್ತದೆ, ಆಮೇಲೆ ಮತ್ತೆ ಮೊದಲಿನ ಕಥೆಯೇ. ಮಂದಿರದ ದೀಪಕ್ಕೆ ಆದದ್ದು ಅದೇ. ಲಿಥಿಯಂ ಬ್ಯಾಟರಿ ಅಂಗಡಿಯಿಂದ ಬರುವಾಗ ಸಾಧಾರಣ ಅರ್ಧ ಚಾರ್ಜ್ ಆಗಿಯೇ ಇರುತ್ತದೆ.

ಈಗ ಸ್ವಲ್ಪ ಲೆಕ್ಕ, ಜಾಸ್ತಿ ಏನಿಲ್ಲ. ಆ ದೀಪ 12 ವ್ಯಾಟಿನ ಎಲ್‌ಇಡಿ, ಬ್ಯಾಟರಿ 12.8 ವೋಲ್ಟ್ 30 ಆಂಪಿಯರ್-ಅವರ್‌ನ ಲಿಥಿಯಂ ಫೆರ್ರೋ ಫಾಸ್ಫೇಟ್, ಮೇಲೆ 75 ವ್ಯಾಟಿನ ಪ್ಯಾನೆಲ್. 12 ವ್ಯಾಟ್ ಅಂದರೆ ಹತ್ತಿರಹತ್ತಿರ 1 ಆಂಪಿಯರ್ ಕರೆಂಟ್. ಹಾಗಾಗಿ ಲೆಕ್ಕ ಬಹಳ ಸುಲಭ: ದೀಪ ಎಷ್ಟು ಗಂಟೆ ಉರಿಯಿತೋ ಬ್ಯಾಟರಿಯಿಂದ ಸುಮಾರು ಅಷ್ಟೇ ಆಂಪಿಯರ್-ಅವರ್ ಹೋಗಿದೆ. ಹೊಸ ಬ್ಯಾಟರಿಯಲ್ಲಿ ಅರ್ಧ ಅಂದರೆ 15 ಇತ್ತು. ಮೊದಲ ರಾತ್ರಿ 12 ಗಂಟೆ ಉರಿದು 3 ಉಳಿಯಿತು. ಎರಡನೇ ರಾತ್ರಿ ಸುಮಾರು 5 ಗಂಟೆ ಉರಿದಿದೆ, ಅಂದರೆ ನಡುವಿನ ಹಗಲಿನಲ್ಲಿ ಸೇರಿದ್ದು ಬರೀ ಎರಡು ಚಿಲ್ಲರೆ. ಮೂರನೇ ರಾತ್ರಿ ಹಳೆಯದೆಲ್ಲ ಖಾಲಿ, ಆ ದಿನ ಬಂದ ಎರಡು ಚಿಲ್ಲರೆಯಲ್ಲೇ ಎರಡು ಗಂಟೆ ಚಿಲ್ಲರೆ ಉರಿದು ಆರಿದೆ. ಒಳ್ಳೆ ಬಿಸಿಲಿನ ದಿನ 75 ವ್ಯಾಟಿನ ಪ್ಯಾನೆಲ್ 16ರಿಂದ 18 ಆಂಪಿಯರ್-ಅವರ್ ತುಂಬಿಸಬೇಕು. ಅದು ಎಲ್ಲಿ ಸೋರುತ್ತಿದೆ ಅಂತ ಹುಡುಕಿದರೆ ಸಾಕು.

ಕೈಯಲ್ಲಿ ಮೀಟರ್ ಹಿಡಿದವರು ಮೊದಲು ಮಾಡಬೇಕಾದ ಕೆಲಸ ಹಗಲಿನದ್ದಲ್ಲ, ರಾತ್ರಿಯದ್ದು. ದೀಪ ಆರುವ ಹೊತ್ತಿಗೆ ಕಂಬದ ಹತ್ತಿರ ಇರಬೇಕು. ಆರಿದ ಕೂಡಲೇ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಈ ಜಾತಿಯ ಬ್ಯಾಟರಿಯಲ್ಲಿ 11ರ ಆಸುಪಾಸಿಗೆ ಇಳಿದಿದ್ದರೆ ಅದು ನಿಜಕ್ಕೂ ಖಾಲಿ, ಪ್ಯಾನೆಲ್, ಬ್ಯಾಟರಿ, ದೀಪ ಮೂರರ ನಡುವೆ ಕೂತು ಕರೆಂಟ್ ನೋಡಿಕೊಳ್ಳುವ ಕಂಟ್ರೋಲರ್ ಬ್ಯಾಟರಿಯನ್ನು ಉಳಿಸಲು ದೀಪವನ್ನು ಕಡಿದಿದೆ. ತೊಂದರೆ ಚಾರ್ಜ್ ಬರುವ ದಾರಿಯಲ್ಲಿ, ಇಲ್ಲವೇ ಬ್ಯಾಟರಿಯಲ್ಲಿ. ಅದರ ಬದಲು 13ರ ಹತ್ತಿರ ಗಟ್ಟಿಯಾಗಿ ನಿಂತಿದ್ದು ದೀಪ ಮಾತ್ರ ಆರಿದ್ದರೆ ಬ್ಯಾಟರಿ, ಪ್ಯಾನೆಲ್ ಎರಡನ್ನೂ ಬಿಡಿ. ತೊಂದರೆ ಕಂಟ್ರೋಲರಿನಲ್ಲಿ, ಇಲ್ಲವೇ ಅದರಿಂದ ಆಚೆಗೆ, ದೀಪದ ಕಡೆಗೆ. ಈ ಒಂದು ಅಳತೆಗೆ ಅರ್ಧ ಕೆಲಸ ಮುಗಿಯುತ್ತದೆ. ಆದರೆ ರಿಪೇರಿಗೆ ಬರುವವರು ಹಗಲು ಬಂದು ಹಗಲೇ ಹೋಗುತ್ತಾರೆ, ಹಾಗಾಗಿ ಇದನ್ನು ಯಾರೂ ನೋಡುವುದಿಲ್ಲ. ಮಂದಿರದ ದೀಪಕ್ಕೆ ನಾನು ಭಜನೆ ಕೇಳಿಕೊಂಡೇ ಕಾದೆ. ಆರಿದಾಗ 11.1 ವೋಲ್ಟ್ ತೋರಿಸಿತು. ಖಾಲಿ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹತ್ತು-ಹನ್ನೊಂದು ಗಂಟೆಗೆ ದೀಪ ಆರದೆ ಸುಮ್ನೆ ಮಂಕಾದರೆ ಅದು ಹಾಳಾದದ್ದಲ್ಲ. ಜನಸಂಚಾರ ಕಡಿಮೆಯಾದ ಮೇಲೆ ಬೆಳಕು ಇಳಿಸಲು ತುಂಬ ಕಂಟ್ರೋಲರುಗಳಲ್ಲಿ ಮೊದಲೇ ಹಾಗೆ ಹೊಂದಿಸಿ ಇಟ್ಟಿರುತ್ತಾರೆ.

ಮರುದಿನ ಹನ್ನೊಂದೂವರೆಗೆ ಹೋದೆ. ಮೋಡ ಇರಲಿಲ್ಲ. ಕಂಬ ಹತ್ತುವ ಮೊದಲು ಮೇಲೆ ನೋಡುವ ಕೆಲಸ ಇದೆ: ಹತ್ತಿರದಲ್ಲಿ ಕರೆಂಟ್ ಲೈನ್ ಹೋಗಿದ್ದರೆ ಅಲ್ಯೂಮಿನಿಯಂ ಏಣಿ ಬೇಡ, ಪ್ಯಾನೆಲ್ಲಿನ ಅಡಿಯಲ್ಲಿ ಕಣಜದ ಗೂಡು ಇದೆಯಾ ಅಂತಲೂ ನೋಡಬೇಕು. ಹಾಗೆಯೇ ನೆರಳು. ಜೂನಿನಲ್ಲಿ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಬಡಗು ಕಡೆ ಇರುತ್ತಾನೆ, ಡಿಸೆಂಬರಿಗೆ ಚೆನ್ನಾಗಿ ತೆಂಕು ಕಡೆ ವಾಲುತ್ತಾನೆ. ಮಳೆಗಾಲದಲ್ಲಿ ತೊಂದರೆ ಕೊಡದ ತೆಂಕು ಬದಿಯ ಹಲಸಿನ ಮರ ಚಳಿಗಾಲದಲ್ಲಿ ಪ್ಯಾನೆಲ್ಲಿಗೆ ಅಡ್ಡ ಬರುವುದು ಹೀಗೆ. ಎಲ್ಲ ಸೆಲ್ಲುಗಳೂ ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವ ಕಾರಣ ಒಂದು ಸೆಲ್ಲಿನ ಮೇಲೆ ನೆರಳು ಬಿದ್ದರೂ ಅರ್ಧ ಪ್ಯಾನೆಲ್ ಕೆಲಸ ಬಿಡುತ್ತದೆ. ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಮಳೆ ನೀರು ನಿಂತು ಪಾಚಿ ಕಟ್ಟಿದರೂ ಕಥೆ ಅದೇ. ಇಲ್ಲಿ ಎರಡೂ ಇರಲಿಲ್ಲ. ಗಾಜು ಸ್ವಚ್ಛ, ಮೇಲೆ ಬರೀ ಆಕಾಶ.

ಕಂಟ್ರೋಲರ್ ಇದ್ದ ಪೆಟ್ಟಿಗೆ ತೆಗೆದು ಪ್ಯಾನೆಲ್ಲಿನ ಎರಡು ವಯರು ಬಿಚ್ಚಿ ಮೀಟರ್ ಹಿಡಿದೆ. 20.8 ವೋಲ್ಟ್. ಹನ್ನೆರಡು ವೋಲ್ಟಿನ ಸಿಸ್ಟಮ್ಮಿಗೆ ಹಾಕುವ 36 ಸೆಲ್ಲಿನ ಪ್ಯಾನೆಲ್ ಬಿಸಿಲಿನಲ್ಲಿ ಬಿಚ್ಚಿಟ್ಟಾಗ 20ರಿಂದ 22 ತೋರಿಸಬೇಕು, ಹಾಗಾಗಿ ಸರಿಯೇ. ಮೊದಲು ಬಂದವರು ಇಲ್ಲಿಗೇ ನಿಲ್ಲಿಸಿ, ಪ್ಯಾನೆಲ್ ಓಕೆ, ಬ್ಯಾಟರಿ ಡಲ್ ಅಂತ ತೀರ್ಮಾನ ಮಾಡಿದ್ದಾರೆ. ಅವರಿಗೆ ಬಯ್ಯುವುದಿಲ್ಲ, ಮೀಟರ್ ಹೇಳಿದ್ದೂ ಸುಳ್ಳಲ್ಲ. ಆದರೆ ಬರೀ ವೋಲ್ಟ್ ನೋಡಿದರೆ ನಳ್ಳಿಯ ಬಾಯಿ ಮುಚ್ಚಿಟ್ಟು ಒಳಗೆ ನೀರಿನ ಒತ್ತಡ ಎಷ್ಟಿದೆ ಅಂತ ನೋಡಿದ ಹಾಗೆ. ಪೈಪಿನಲ್ಲಿ ಕಸ ಕಟ್ಟಿದ್ದರೂ ಮುಚ್ಚಿದ ನಳ್ಳಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ. ಬಾಯಿ ತೆರೆದಾಗಲೇ ಬಂಡವಾಳ ಗೊತ್ತಾಗುವುದು.

ಹಾಗಾಗಿ ಎರಡನೇ ಅಳತೆ, ಕರೆಂಟಿನದ್ದು. ಮೀಟರಿನ ಕೆಂಪು ವಯರನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಿ, ಕಂಟ್ರೋಲರಿನಿಂದ ಬಿಚ್ಚಿಟ್ಟ ಪ್ಯಾನೆಲ್ಲಿನ ಎರಡು ವಯರಿಗೆ ನೇರವಾಗಿ ಹಿಡಿದೆ. ಪ್ಯಾನೆಲ್ಲನ್ನು ಹೀಗೆ ಒಂದು ಕ್ಷಣ ಶಾರ್ಟ್ ಮಾಡಿದರೆ ಏನೂ ಆಗುವುದಿಲ್ಲ, ಅದು ಕೊಡುವ ಕರೆಂಟಿಗೆ ಮಿತಿ ಇದೆ. ಬ್ಯಾಟರಿಗೆ ಮಾತ್ರ ಸರ್ವಥಾ ಹೀಗೆ ಹಿಡಿಯಬಾರದು. ಅಳತೆ ಮುಗಿದ ಕೂಡಲೇ ಕೆಂಪು ವಯರನ್ನು ಮೊದಲಿನ ತೂತಿಗೆ ಹಾಕಿಬಿಡಬೇಕು. ಮರೆತು ಹಾಗೇ ಬ್ಯಾಟರಿಯ ವೋಲ್ಟ್ ನೋಡಲು ಹೋದರೆ ಬ್ಯಾಟರಿ ಮೀಟರಿನ ಮೂಲಕ ಶಾರ್ಟ್ ಆಗುತ್ತದೆ. ನನ್ನ ಮೊದಲ ಮೀಟರ್ ಸತ್ತದ್ದು ಹಾಗೆ, ವಯರಿನ ತುದಿಯಲ್ಲಿ ನೀಲಿ ಕಿಡಿ ಹಾರಿದ್ದು ಇನ್ನೂ ಕಣ್ಣಮುಂದೆ ಇದೆ.

75 ವ್ಯಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿಗೆ 4 ಆಂಪಿಯರ್ ಮೇಲೆ ಕೊಡಬೇಕು. ಇದು ಕೊಟ್ಟದ್ದು 0.8.

ಪ್ಯಾನೆಲ್ ಹೋಗಿದೆ ಅಂತ ಈಗಲೂ ಹೇಳುವ ಹಾಗಿಲ್ಲ. ವಯರುಗಳನ್ನು ಪುನಃ ಕಂಟ್ರೋಲರಿಗೆ ಹಾಕಿ, ಪ್ಯಾನೆಲ್ಲಿನ ಪ್ಲಸ್ ವಯರಿನ ನಡುವೆ ಮೀಟರ್ ಸೇರಿಸಿ ಚಾರ್ಜಿಂಗ್ ಕರೆಂಟ್ ನೋಡಿದೆ. 0.3 ಆಂಪಿಯರ್. ಅಷ್ಟರಲ್ಲಿ ಒಂದು ತುಂಡು ಮೋಡ ಬಂದು ಬಿಸಿಲು ಮಂಕಾಯಿತು. ಮೀಟರ್ ಅಲುಗಲಿಲ್ಲ, 0.3 ಅಂದರೆ 0.3. ಇದು ಬಹಳ ಮುಖ್ಯವಾದ ಗುರುತು. ಪ್ಯಾನೆಲ್ಲೇ ಬಡಕಲಾಗಿದ್ದರೆ, ಅಥವಾ ನೆರಳಿದ್ದರೆ, ಬಿಸಿಲು ಏರಿಳಿದ ಹಾಗೆ ಕರೆಂಟೂ ಏರಿಳಿಯುತ್ತದೆ. ಬಿಸಿಲು ಎಷ್ಟಿದ್ದರೂ ಕರೆಂಟ್ ಒಂದೇ ತರ ಬರುತ್ತಿದೆ ಅಂದರೆ ದಾರಿಯಲ್ಲಿ ಯಾರೋ ಕುತ್ತಿಗೆ ಹಿಸುಕುತ್ತಿದ್ದಾರೆ. ವಯರು, ಜಾಯಿಂಟು, ಸ್ಕ್ರೂ, ಇವುಗಳಲ್ಲಿ ಒಂದು. ಲೆಕ್ಕವೂ ಕೂಡಿ ಬಂತು ನೋಡಿ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ವರೆಗೆ, 8 ಗಂಟೆ, 0.3ರ ಹಾಗೆ 2.4. ಅದರಲ್ಲಿ ಸ್ವಲ್ಪ ಕಂಟ್ರೋಲರಿನ ಸ್ವಂತ ಖರ್ಚಿಗೆ ಹೋದರೆ ಉಳಿಯುವುದು ಎರಡು ಚಿಲ್ಲರೆ. ಆರು ಇಪ್ಪತ್ತರಿಂದ ಎಂಟೂವರೆ!

ಹಿಸುಕುವ ಜಾಗ ಹುಡುಕಲು ವೋಲ್ಟ್ ಮೀಟರೇ ಸಾಕು, ಆದರೆ ಎಲ್ಲ ಜೋಡಿಸಿ ಚಾರ್ಜ್ ಆಗುತ್ತಿರುವಾಗ ಅಳೆಯಬೇಕು. ಕೆಳಗೆ ಕಂಟ್ರೋಲರಿನ ಪ್ಯಾನೆಲ್ ತುದಿಯಲ್ಲಿ 13.1 ವೋಲ್ಟ್ ಇತ್ತು. ಪಿಡಬ್ಲ್ಯುಎಂ ಅನ್ನುವ ಮಾಮೂಲಿ ಜಾತಿಯ ಕಂಟ್ರೋಲರ್ ಪ್ಯಾನೆಲ್ಲನ್ನು ಬ್ಯಾಟರಿಯ ಮಟ್ಟಕ್ಕೆ ಎಳೆಯುತ್ತದೆ, ಅದರಲ್ಲಿ ವಿಶೇಷ ಇಲ್ಲ. ಎಂಪಿಪಿಟಿ ಅನ್ನುವ ಇನ್ನೊಂದು ಜಾತಿಯದ್ದಾದರೆ ಅಲ್ಲಿ 17-18 ಇರುತ್ತದೆ. ಏಣಿ ಹತ್ತಿ ಪ್ಯಾನೆಲ್ಲಿನ ಹಿಂದಿನ ಕಪ್ಪು ಡಬ್ಬಿ ತೆಗೆದು ಅಲ್ಲಿ ಅಳೆದರೆ 20.4. ಮೇಲೆ 20, ಕೆಳಗೆ 13. ಸರಿಯಾದ ವಯರಿನಲ್ಲಿ ಮೇಲಕ್ಕೂ ಕೆಳಕ್ಕೂ ಅರ್ಧ ವೋಲ್ಟಿನ ವ್ಯತ್ಯಾಸವೂ ಬರಬಾರದು. ನಡುವೆ ಏಳು ವೋಲ್ಟ್ ತಿಂದವ ಯಾರು?

ಡಬ್ಬಿಯಿಂದ ಒಂದು ಗೇಣು ಕೆಳಗೆ ಪ್ಯಾನೆಲ್ಲಿನ ವಯರುಗಳನ್ನು ಸಿಕ್ಕಿಸಿ ಸೇರಿಸುವ ಎರಡು ಎಂಸಿ-ಫೋರ್ ಕನೆಕ್ಟರ್ ಇದ್ದವು. ಪ್ಲಸ್ ಕಡೆಯದ್ದರ ಗಂಡು ತುಂಡು ಒಂದು ತರ, ಹೆಣ್ಣು ತುಂಡು ಇನ್ನೊಂದು ತರ, ಬೇರೆಬೇರೆ ಕಂಪೆನಿಯದ್ದು. ಸಿಕ್ಕಿಸಿದರೆ ಟಿಕ್ ಅಂತ ಕೂರುತ್ತದೆ, ನೋಡುವುದಕ್ಕೆ ಏನೂ ಕೊರತೆ ಇಲ್ಲ. ಆದರೆ ಒಳಗಿನ ರಬ್ಬರ್ ರಿಂಗಿನ ಅಳತೆ ಕೂದಲೆಳೆಯಷ್ಟು ಬೇರೆ ಇದ್ದರೂ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ. ಮುಟ್ಟಿದರೆ ಆ ಒಂದು ಮಾತ್ರ ಬೆಚ್ಚಗಿತ್ತು, ಪಕ್ಕದ್ದು ತಣ್ಣಗೆ. ಏಳು ವೋಲ್ಟನ್ನು 0.3ರಿಂದ ಗುಣಿಸಿದರೆ ಎರಡು ವ್ಯಾಟ್, ಅಷ್ಟು ಹಗಲಿಡೀ ಆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ಕಿನೊಳಗೆ ಬಿಸಿಯಾಗಿ ಹೋಗುತ್ತಿತ್ತು.

ಬಿಚ್ಚಿ ನೋಡಿದೆ. ಕನೆಕ್ಟರನ್ನು ಬಿಸಿಲಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಎಳೆದರೆ ಕಿಡಿ ಹಾರುತ್ತದೆ, ಮೊದಲು ಕೆಳಗೆ ಕಂಟ್ರೋಲರಿನಿಂದ ಪ್ಯಾನೆಲ್ ವಯರು ಬಿಚ್ಚಿಯೇ ಮೇಲೆ ಕೈ ಹಾಕಬೇಕು. ಒಳಗೆ ಬೆಳ್ಳಗೆ ಹೊಳೆಯಬೇಕಾದ ಪಿನ್ನಿನ ಮೇಲೆ ದೇವರ ಕೋಣೆಯ ತೊಳೆಯದ ತಾಮ್ರದ ಹರಿವಾಣಕ್ಕೆ ಬರುತ್ತದಲ್ಲ, ಆ ಹಸಿರು ಕಿಲುಬು. ವಯರು ಪಿನ್ನಿಗೆ ಸೇರುವಲ್ಲಿ ಕ್ರಿಂಪ್ ಮಾಡಿದ ಗುರುತೇ ಇಲ್ಲ, ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿ ಬಿಟ್ಟಿದ್ದಾರೆ. ತಾಮ್ರದ ಎಳೆಗಳು ಕಪ್ಪಾಗಿ, ಉಗುರಿನಲ್ಲಿ ಕೆರೆದರೆ ಹುಡಿಯಾಗಿ ಉದುರಿದವು. ಎರಡೋ ಮೂರೋ ಎಳೆ ಮಾತ್ರ ಜೀವ ಹಿಡಿದುಕೊಂಡಿದ್ದವು.

ಇದಕ್ಕೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಪುನಃ ಸೇರಿಸುವುದು ಬೇಡ, ಮುಂದಿನ ಮಳೆಗೆ ಪುನಃ ಕರೆಯುತ್ತಾರೆ. ತಿರುಚಿ ಟೇಪ್ ಸುತ್ತುವುದಂತೂ ಬೇಡವೇ ಬೇಡ. ಒಳ್ಳೆ ತಾಮ್ರ ಕಾಣುವ ವರೆಗೆ ವಯರನ್ನು ಹಿಂದಕ್ಕೆ ಕತ್ತರಿಸಿದೆ, ನಾಲ್ಕು ಬೆರಳಷ್ಟು ಹೋಯಿತು. ಗಂಡು-ಹೆಣ್ಣು ಎರಡೂ ಒಂದೇ ಕಂಪೆನಿಯ ಹೊಸ ಜೋಡಿ ತಂದು, ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ, ಎಳೆದು ನೋಡಿ, ಹಿಂದಿನ ನಟ್ಟು ಬಿಗಿ ಮಾಡಿದೆ. ಕನೆಕ್ಟರಿನ ಎರಡೂ ಕಡೆ ವಯರು ಕೆಳಕ್ಕೆ ಜೋತು ಬೀಳುವ ಹಾಗೆ ಕಟ್ಟಿದರೆ ನೀರು ವಯರಿನಲ್ಲೇ ಹರಿದು ಕೆಳಗೆ ತೊಟ್ಟಿಕ್ಕುತ್ತದೆ, ಕನೆಕ್ಟರಿನ ಬಾಯಿಗೆ ಬರುವುದಿಲ್ಲ. ಮೈನಸ್ ಕಡೆಯದ್ದನ್ನೂ ಬದಲಿಸಿದೆ, ಅದೂ ಅದೇ ಮಳೆ ಕುಡಿದದ್ದಲ್ವಾ.

ಪುನಃ ಜೋಡಿಸುವಾಗ ಒಂದು ಕ್ರಮ ಇದೆ: ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ಉಲ್ಟಾ. ಕಂಟ್ರೋಲರಿಗೆ ಬದುಕು ಬ್ಯಾಟರಿಯಿಂದ, ತಾನು 12 ವೋಲ್ಟಿನ ಮನೆಯಲ್ಲಿದ್ದೇನೋ 24ರದ್ದೋ ಅಂತ ತುಂಬ ಕಂಟ್ರೋಲರುಗಳು ತಿಳಿದುಕೊಳ್ಳುವುದೂ ಬ್ಯಾಟರಿ ನೋಡಿಯೇ. ಬ್ಯಾಟರಿ ಇಲ್ಲದೆ ಪ್ಯಾನೆಲ್ಲಿನ 21 ವೋಲ್ಟ್ ನೇರ ಒಳಗೆ ಬಂದರೆ ಕೆಲವು ತಪ್ಪು ತಿಳಿಯುತ್ತವೆ, ಕೆಲವು ಸುಟ್ಟೇ ಹೋಗುತ್ತವೆ.

ಎಲ್ಲ ಸೇರಿಸಿ ನೋಡಿದಾಗ ಚಾರ್ಜಿಂಗ್ ಕರೆಂಟ್ 3.9. ಮೇಲಿನ ವೋಲ್ಟ್ ಕೆಳಗಿನದ್ದಕ್ಕೆ ಹತ್ತಿರಹತ್ತಿರ ಸಮ. ಆ ದಿನ ಅರ್ಧ ಹಗಲು ಮಾತ್ರ ಸಿಕ್ಕಿದ್ದರಿಂದ ರಾತ್ರಿ ಪೂರ್ತಿ ಉರಿಯಲಾರದು ಅಂತ ಮೊದಲೇ ಹೇಳಿಟ್ಟೆ, ಇಲ್ಲದಿದ್ದರೆ ಮಧ್ಯರಾತ್ರಿ ಪುನಃ ಫೋನ್ ಬರುತ್ತಿತ್ತು.

ಇದೇ ರೋಗಲಕ್ಷಣಕ್ಕೆ ಕಾರಣ ಯಾವಾಗಲೂ ಕನೆಕ್ಟರೇ ಅಂತಲ್ಲ. ನಮ್ಮಲ್ಲಿ ಅಕ್ಟೋಬರ್-ನವೆಂಬರದ ಸಂಜೆ ಮಳೆ, ಮಲಯಾಳದವರು ತುಲಾವರ್ಷ ಅನ್ನುವುದು, ಗುಡುಗು-ಸಿಡಿಲು ಇಲ್ಲದೆ ಬರುವುದೇ ಇಲ್ಲ. ಹತ್ತಿರ ಎಲ್ಲೋ ಸಿಡಿಲು ಹೊಡೆದರೂ ಪ್ಯಾನೆಲ್ಲಿನ ಹಿಂದಿನ ಡಬ್ಬಿಯಲ್ಲಿರುವ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ದಾಟಿಸುವ ಬೈಪಾಸ್ ಡಯೋಡ್ ಶಾರ್ಟ್ ಆಗಬಹುದು. 36 ಸೆಲ್ಲಿನ ಪ್ಯಾನೆಲ್ಲಿನಲ್ಲಿ ಸಾಧಾರಣ ಎರಡು ಡಯೋಡ್, ಅರ್ಧರ್ಧ ಪ್ಯಾನೆಲ್ಲಿಗೆ ಒಂದೊಂದು. ಒಂದು ಶಾರ್ಟ್ ಆದರೆ ಬಿಚ್ಚಿಟ್ಟ ಪ್ಯಾನೆಲ್ 21ರ ಬದಲು 10-11 ವೋಲ್ಟ್ ತೋರಿಸುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹನ್ನೊಂದು ಬರುತ್ತದಲ್ಲ, ಹತ್ತಿರಹತ್ತಿರ ಸರಿ ಅಂತ ಅನಿಸುತ್ತದೆ. ಸರಿಯಲ್ಲ. ತಗ್ಗಿನಲ್ಲಿರುವ ನೀರು ಎತ್ತರದ ಟಾಂಕಿಗೆ ಹತ್ತುವುದಿಲ್ಲ, ಹಾಗೆಯೇ 11 ವೋಲ್ಟಿನಿಂದ 13 ವೋಲ್ಟಿನ ಬ್ಯಾಟರಿಗೆ ಒಂದು ಹನಿಯೂ ಹೋಗುವುದಿಲ್ಲ. ಸತ್ತ ಡಯೋಡನ್ನು ಬಿಚ್ಚಿ ಅದೇ ಅಳತೆಯದ್ದು, ಪಟ್ಟಿ ಇರುವ ತುದಿ ಮೊದಲಿನ ದಿಕ್ಕಿಗೇ ಬರುವ ಹಾಗೆ ಬೆಸುಗೆ ಹಾಕಿದರೆ ಪ್ಯಾನೆಲ್ ಪುನಃ ಎದ್ದು ಕೂರುತ್ತದೆ. ಇದಕ್ಕೆ ಪ್ಯಾನೆಲ್ಲನ್ನೇ ಬದಲಿಸಿದ್ದನ್ನೂ ನೋಡಿದ್ದೇನೆ.

ಇನ್ನು ಕಂಟ್ರೋಲರ್. ಕತ್ತಲಾಯಿತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಬೇರೆ ಕಣ್ಣೇನೂ ಇಲ್ಲ, ಪ್ಯಾನೆಲ್ಲೇ ಅದರ ಕಣ್ಣು. ಪ್ಯಾನೆಲ್ಲಿನ ವೋಲ್ಟ್ ಕೆಲವೇ ವೋಲ್ಟಿಗೆ ಇಳಿದರೆ ಸಂಜೆ, ಏರಿದರೆ ಬೆಳಗು. ಇದು ಗೊತ್ತಿದ್ದರೆ ಎರಡು ಲಾಭ. ಮಟಮಟ ಮಧ್ಯಾಹ್ನವೇ ಸಂಜೆ ಮಾಡಿ ಪರೀಕ್ಷಿಸಬಹುದು: ಪ್ಯಾನೆಲ್ಲಿನ ಪ್ಲಸ್ ವಯರನ್ನು ಕಂಟ್ರೋಲರಿನಿಂದ ಬಿಚ್ಚಿದರೆ ದೀಪ ಹತ್ತಬೇಕು. ಕೆಲವು ಕೂಡಲೇ ಹತ್ತುತ್ತವೆ, ಕೆಲವಕ್ಕೆ ಹಲವು ನಿಮಿಷ ಬೇಕು. ಹತ್ತು ನಿಮಿಷವಾದರೂ ಕಾಯದೆ ಹೋಯ್ತು ಅಂತ ಹೇಳಬೇಡಿ. ಕಾದರೂ ಹತ್ತದಿದ್ದರೆ, ಬ್ಯಾಟರಿ ತುದಿಯಲ್ಲಿ 13 ಇದ್ದು ದೀಪದ ತುದಿಯಲ್ಲಿ ಏನೂ ಇಲ್ಲದಿದ್ದರೆ, ಆಗ ಕಂಟ್ರೋಲರ್ ತಪ್ಪಿತಸ್ಥ. ಇನ್ನೊಂದು ಲಾಭ ಅಂದರೆ ಹಗಲೂ ಉರಿಯುವ ದೀಪ ಕಂಡರೆ ಕಂಟ್ರೋಲರಿಗೆ ಬಯ್ಯುವ ಬದಲು ಪ್ಯಾನೆಲ್ಲಿನ ವಯರು ತುಂಡಾಗಿದೆಯಾ ನೋಡುತ್ತೀರಿ. ಕಣ್ಣು ಕಟ್ಟಿದ ಹಾಗಾಗಿದೆ ಅದಕ್ಕೆ, ಯಾವಾಗಲೂ ರಾತ್ರಿ. ಬ್ಯಾಟರಿ ಖಾಲಿಯಾಗುವ ವರೆಗೆ ಹಗಲು-ರಾತ್ರಿ ಉರಿದು ಆಮೇಲೆ ಪೂರ್ತಿ ನಿಲ್ಲುತ್ತದೆ.

ಆದರೆ ಬ್ಯಾಟರಿ ನಿಜವಾಗಿಯೂ ಹೋಗುವುದಿಲ್ಲವಾ ಅಂತ ಕೇಳಬಹುದು. ಹೋಗುತ್ತದೆ. ಚಾರ್ಜಿಂಗ್ ಕರೆಂಟ್ ಚೆನ್ನಾಗಿ ಬರುತ್ತಿದ್ದು, ಬೆಳಗ್ಗೆ ಹತ್ತಕ್ಕೇ ವೋಲ್ಟ್ 14 ದಾಟಿ ಫುಲ್ ಅಂತ ತೋರಿಸಿ, ರಾತ್ರಿ ಎರಡು ಗಂಟೆಯಲ್ಲಿ 11ಕ್ಕೆ ಬೀಳುವುದಾದರೆ ಅದು ಸತ್ತ ಬ್ಯಾಟರಿ. ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ, ಟಾಂಕಿಯಲ್ಲಿ ಮುಕ್ಕಾಲು ಭಾಗ ಹೂಳು ತುಂಬಿದ ಹಾಗೆ. ಸುಮ್ನೆ ನಿಂತ ಲಿಥಿಯಂ ಬ್ಯಾಟರಿಯ ವೋಲ್ಟ್ ನೋಡಿ ಮಾತ್ರ ಏನೂ ಹೇಳಲಾಗದು. ಮುಕ್ಕಾಲು ತುಂಬಿದಾಗಲೂ ಕಾಲು ತುಂಬಿದಾಗಲೂ ಅದು 13ರ ಹತ್ತಿರವೇ ಕೂತಿರುತ್ತದೆ. ಮೀಟರಿನಲ್ಲಿ ಸೊನ್ನೆ ಬಂದರೂ ಸತ್ತಿದೆ ಅಂತಲ್ಲ. ಒಳಗಿನ ರಕ್ಷಣೆಯ ಬೋರ್ಡು, ಬಿಎಂಎಸ್ ಅನ್ನುತ್ತಾರಲ್ಲ ಅದು, ಪೂರ್ತಿ ಖಾಲಿಯಾದಾಗ ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಸೊನ್ನೆ. ಅಂಥ ಬ್ಯಾಟರಿಯನ್ನು ಕಂಟ್ರೋಲರಿಗೆ ಎಬ್ಬಿಸಲು ಆಗುವುದಿಲ್ಲ, ಯಾಕೆಂದರೆ ಅದೂ ಬ್ಯಾಟರಿಯನ್ನು ನಂಬಿಯೇ ಕೂತಿದೆ. ಲಿಥಿಯಂ ಚಾರ್ಜರಿಗೆ ಹಾಕಿದರೆ ಹೆಚ್ಚಿನವು ಎದ್ದೇಳುತ್ತವೆ. ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದು, ಉಬ್ಬಿಕೊಂಡಿದ್ದರೆ ಮಾತ್ರ ಎಬ್ಬಿಸುವ ಆಸೆ ಬಿಡಿ. ಅದು ಅಪಾಯ.

ಕೊನೆಗೆ ಎಲ್‌ಇಡಿ ಬೋರ್ಡು. ಬ್ಯಾಟರಿ 13ರಲ್ಲಿ ಇದ್ದೂ ದೀಪ ಆರಿದರೆ ಇದನ್ನೂ ನೋಡಬೇಕು. ಹತ್ತಿ ಅರ್ಧ ಗಂಟೆಯಲ್ಲಿ ಆರುವುದು, ತಣ್ಣಗಾದ ಮೇಲೆ ಪುನಃ ತಾನೇ ಹತ್ತುವುದು, ಇದು ಬಿಸಿಗೆ ಬಾಯಿ ಬಿಡುವ ಬೆಸುಗೆಯ ಗುರುತು. ಬೋರ್ಡು ತೆಗೆದು ವಯರು ಸೇರುವ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬೆಸುಗೆಯ ಸುತ್ತ ಬಳೆಯಂತೆ ಸಣ್ಣ ಬಿರುಕು ಕಾಣುತ್ತದೆ. ಹಾಗಲ್ಲದೆ ಮೂರೋ ನಾಲ್ಕೋ ಎಲ್‌ಇಡಿ ಸಾಲಾಗಿ ಕಪ್ಪಾಗಿದ್ದರೆ ಅಷ್ಟೂ ಹಾಳಾಗಿಲ್ಲ, ಒಂದೇ ಸರದಲ್ಲಿರುವ ಅವುಗಳಲ್ಲಿ ಒಂದು ಸತ್ತು ಉಳಿದವರ ದಾರಿ ಕಡಿದಿದೆ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಒಂದೊಂದಕ್ಕೇ ಮುಟ್ಟಿಸಿದರೆ ಸಾಧಾರಣ ಜೀವ ಇದ್ದದ್ದು ಮಿಣುಕುತ್ತದೆ, ಸತ್ತದ್ದರ ಹಳದಿ ಮೈಯಲ್ಲಿ ಹೆಚ್ಚಾಗಿ ಸಾಸಿವೆಯಷ್ಟು ಕಪ್ಪು ಚುಕ್ಕಿ ಇರುತ್ತದೆ. ತಡ ಮಾಡಬಾರದು, ಯಾಕೆಂದರೆ ಎಲ್‌ಇಡಿಗೆ ಕರೆಂಟನ್ನು ಮಿತಿಯಲ್ಲಿಟ್ಟು ಕೊಡುವ ಡ್ರೈವರಿನಿಂದ ಬರುವುದು ಅಷ್ಟೇ ಇದ್ದು ಹಂಚಿಕೊಳ್ಳುವ ಸರ ಒಂದು ಕಡಿಮೆಯಾದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಹಾಗೆಯೇ ಎಲ್‌ಇಡಿ ಬೋರ್ಡಿಗೆ ಬ್ಯಾಟರಿಯಿಂದ ನೇರ ವಯರು ಹಿಡಿದು ನೋಡುವ ಅಭ್ಯಾಸ ಬಿಡಿ. ಡ್ರೈವರ್ ಕಂಟ್ರೋಲರಿನೊಳಗೇ ಇರುವ ಮಾದರಿಗಳಲ್ಲಿ ಬೋರ್ಡಿಗೆ ಕರೆಂಟಿನ ಲಗಾಮು ಇರುವುದಿಲ್ಲ, ಒಂದೇ ಕ್ಷಣಕ್ಕೆ ಸುಟ್ಟೀತು.

ಮಂದಿರದ ದೀಪ ಎರಡನೇ ದಿನದಿಂದ ಬೆಳಗಿನ ವರೆಗೆ ಉರಿಯಿತು. ಹೊರಡುವಾಗ ನಾನು ಕೇಳಿದ್ದು ಒಂದೇ, "ತೆಗೆದ ಹಳೆ ಬ್ಯಾಟರಿ ಎಲ್ಲಿದೆ ಭಟ್ರೇ?" ಗುಜರಿಯವನಿಗೆ ಕೊಡಲು ಅಂತ ಹಿಂದಿನ ಚಾವಡಿಯಲ್ಲಿ ಇಟ್ಟಿದ್ದರು. ಮೀಟರ್ ಹಿಡಿದರೆ ಸೊನ್ನೆ, ಉಬ್ಬು ಏನೂ ಇಲ್ಲ. ಮನೆಗೆ ತಂದು ಲಿಥಿಯಂ ಚಾರ್ಜರಿಗೆ ಹಾಕಿದೆ, ಎದ್ದಿತು. ಪೂರ್ತಿ ತುಂಬಿದ ಮೇಲೆ ಆಟೋದ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಒಂದು ಹಂಚಿನ ತುಂಡಿನ ಮೇಲೆ ಇಟ್ಟು ಬ್ಯಾಟರಿಗೆ ಜೋಡಿಸಿ ಸಮಯ ಬರೆದಿಟ್ಟೆ. ಬೆಳಗ್ಗೆ ಆರಕ್ಕೆ ಹಚ್ಚಿದ್ದು ರಾತ್ರಿ ಎಂಟೂವರೆಗೆ 11 ವೋಲ್ಟಿಗೆ ಇಳಿಯಿತು. ಬಲ್ಬು ಎಳೆಯುವುದು ಸುಮಾರು 1.7 ಆಂಪಿಯರ್, ಹದಿನಾಲ್ಕೂವರೆ ಗಂಟೆ, ಅಂದರೆ 30ರಲ್ಲಿ 25 ಬಾಕಿ ಇದೆ. ಆ ಬ್ಯಾಟರಿ ಈಗ ಮಂದಿರದ ಮೈಕಿಗೆ, ಕರೆಂಟ್ ಹೋದರೂ ಭಜನೆ ನಿಲ್ಲುವುದಿಲ್ಲ.